ಬ್ಯಾಕ್ ಉಳಿದವರ ಲೆಕ್ಕ

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮಗಳು ಎಂಜಿನಿಯರಿಂಗ್ ಏಳನೇ ಸೆಮಿಸ್ಟರಿನಲ್ಲಿದ್ದಾಳೆ, ಕಾಲೇಜಿಗೆ ಕಂಪನಿಗಳು ಬರಲು ಶುರುಮಾಡಿವೆ. 'ಎಷ್ಟು ಬ್ಯಾಕ್ ಇದೆಯಮ್ಮಾ' ಎಂದು ಇವರು ಕೇಳಿದರೆ 'ಒಂದು ಆಕ್ಟಿವ್, ಒಂದು ಡೆಡ್, ಅಪ್ಪಾ' ಎಂದಳಂತೆ. ಪಾಸಾದ ವಿಷಯವನ್ನು ಸತ್ತದ್ದು ಅನ್ನುವುದು ಯಾವ ಸೀಮೆಯ ಮಾತು ಎಂದು ಅವರ ಸಂಕಟ. ನನಗೂ ಅದೇ ಸಂಕಟ. ಆದರೆ ಮಾತು ಎಷ್ಟೇ ಒರಟಾಗಿದ್ದರೂ ಆಕೆ ಹೇಳಿದ ವ್ಯತ್ಯಾಸ ಮಾತ್ರ ನಿಜವಾದದ್ದು. ಕ್ಯಾಂಪಸ್ ನೇಮಕಾತಿಯಲ್ಲಿ ಒಳಗೋ ಹೊರಗೋ ಎಂಬುದು ಎಷ್ಟೋ ಸಲ ಅದರ ಮೇಲೆಯೇ ನಿಂತಿರುತ್ತದೆ.

ನಮ್ಮ ಕಾಲದಲ್ಲಿ ಮನುಷ್ಯ ನಪಾಸಾಗುತ್ತಿದ್ದ. 'ಅವನು ಡುಮ್ಕಿ ಹೊಡೆದ' ಎಂದರೆ ಅಡಿಯಿಂದ ಮುಡಿಯವರೆಗೆ ಅವನೇ ಹೊಡೆದದ್ದು. ಸೆಮಿಸ್ಟರ್ ಪದ್ಧತಿಯ ಜೊತೆಗೆ ಬಂದ 'ಬ್ಯಾಕ್' ಈ ವ್ಯಾಕರಣವನ್ನೇ ಬದಲಿಸಿತು. ಹುಡುಗರು ಈಗ 'ನಂಗೆ ಒಂದು ಬ್ಯಾಕ್ ಇದೆ', 'ಎರಡು ಉಳಿಸಿಕೊಂಡಿದೀನಿ', 'ಮುಂದಿನ ಸೆಮ್‌ನಲ್ಲಿ ತೆಗೀತೀನಿ' ಅನ್ನುತ್ತಾರೆ. ಇದೆ, ಉಳಿದಿದೆ, ತೀರಿಸಬೇಕು ಎನ್ನುವ ಈ ಕ್ರಿಯಾಪದಗಳೆಲ್ಲ ಸಾಲದವು. ಹಾಗಾಗಿ ನನ್ನ ಬಲವಾದ ನಂಬಿಕೆ ಏನೆಂದರೆ, ಈ ಪದ ಕನ್ನಡದ ಕಿವಿಗೆ ಇಷ್ಟು ಬೇಗ ಒಗ್ಗಿದ್ದು ನಮ್ಮ 'ಬಾಕಿ' ಮೊದಲೇ ಅಲ್ಲಿ ಕೂತಿದ್ದರಿಂದ. ಬಾಕಿ ಎಂಬುದು ತೀರಿಸಿದ ಮೇಲೆ ಇಲ್ಲವಾಗುವ ವಸ್ತು. ಹುಡುಗರು ತಮ್ಮ ಬ್ಯಾಕನ್ನೂ ಹಾಗೆಯೇ ತಿಳಿದಿದ್ದಾರೆ, ಕೆಲವು ಕಂಪನಿಗಳು ಮಾತ್ರ ಹಾಗೆ ತಿಳಿದಿಲ್ಲ.

ಚೆನ್ನೈ ಕಡೆ ಇದಕ್ಕೆ 'ಅರಿಯರ್' ಅನ್ನುತ್ತಾರೆ. ನಮ್ಮಲ್ಲಿ ಸರ್ಕಾರಿ ನೌಕರರ ಮನೆಗಳಲ್ಲಿ ಅರಿಯರ್ಸ್ ಎಂದರೆ ತುಟ್ಟಿಭತ್ಯೆಯ ಹಿಂಬಾಕಿ, ಬಂತೆಂದರೆ ಸೀರೆಯೋ ಫ್ರಿಡ್ಜೋ ಬರುವ ಹಣ. ಆ ಮನೆಯ ಹುಡುಗ 'ನೋ ಸ್ಟ್ಯಾಂಡಿಂಗ್ ಅರಿಯರ್ಸ್' ಎಂಬ ನೋಟೀಸನ್ನು ಓದುವಾಗ ಒಂದು ಕ್ಷಣ ತಡವರಿಸಿದರೆ ತಪ್ಪಲ್ಲ. ಅದರ ಅರ್ಥ ಇಷ್ಟೇ: ಈ ಹೊತ್ತಿಗೆ ಪಾಸಾಗದೆ ಉಳಿದ ವಿಷಯ ಇರಬಾರದು. 'ನೋ ಆಕ್ಟಿವ್ ಬ್ಯಾಕ್‌ಲಾಗ್ಸ್' ಅಂದರೂ ಅದೇ. ಇವೆರಡೂ ಕೇಳುವುದು ಇವತ್ತಿನ ಬಾಕಿಯನ್ನು. 'ನೋ ಹಿಸ್ಟರಿ ಆಫ್ ಬ್ಯಾಕ್‌ಲಾಗ್ಸ್' ಎಂದು ಬರೆದಿದ್ದರೆ ಅದು ಬೇರೆಯೇ ಮಾತು. ಎರಡನೇ ಸೆಮಿಸ್ಟರಿನಲ್ಲಿ ಹೋಗಿ ಮೂರನೆಯದರಲ್ಲಿ ಬಂದ ವಿಷಯವೂ ಅಲ್ಲಿ ಲೆಕ್ಕಕ್ಕೆ ಸೇರುತ್ತದೆ. ಮೂರನೆಯ ಬಗೆಯೊಂದಿದೆ: ಕಂಪನಿಯ ಪರೀಕ್ಷೆಗೆ ಕೂರುವಾಗ ಒಂದು ಬಾಕಿ ಇದ್ದರೆ ನಡೆಯುತ್ತದೆ, ಕೋರ್ಸಿನ ಅವಧಿಯೊಳಗೆ ತೀರಿರಬೇಕು. ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಳ್ಳುವ ಐಟಿ ಸೇವಾ ಕಂಪನಿಗಳಲ್ಲಿ ಇಂಥ ಷರತ್ತು ಕಾಣಸಿಗುತ್ತದೆ. ದಾವಣಗೆರೆಯ ಹುಡುಗಿ ಮೂರನೆಯದಕ್ಕೆ ಅರ್ಹಳು. ಮೊದಲನೆಯದಕ್ಕೆ ಇವತ್ತು ಅರ್ಹಳಲ್ಲ, ಫಲಿತಾಂಶ ಬಂದ ಮೇಲೆ ಆಗಬಹುದು. ಹಿಸ್ಟರಿ ಕೇಳುವವರಿಗೆ ಎಂದೂ ಅಲ್ಲ.

ಇನ್ನು 'ಥ್ರೂಔಟ್'. 'ನಿಂದು ಥ್ರೂಔಟ್ ಎಷ್ಟು?' ಎಂದು ಹುಡುಗರು ಕೇಳಿಕೊಳ್ಳುವುದನ್ನು ಬಸ್ಸಿನಲ್ಲಿ ಕೇಳಿದ್ದೇನೆ. ಥ್ರೂಔಟ್ ಒಂದೇ ಅಂಕಿ ಅಲ್ಲ. ಎಸ್ಸೆಸ್ಸೆಲ್ಸಿಯ 625ರಲ್ಲಿ 375, ಪಿಯುಸಿಯ 600ರಲ್ಲಿ 360, ಆಮೇಲೆ ಡಿಗ್ರಿಯಲ್ಲಿ ಶೇ. 60, ಹೀಗೆ ಮೂರು ಬೇರೆ ಬೇರೆ ಬಾಗಿಲುಗಳು. ಒಂದರಲ್ಲಿ ಹೆಚ್ಚಿದ್ದರೆ ಇನ್ನೊಂದರ ಕೊರತೆ ತುಂಬುವುದಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೇ ಕೂಡಿಸಿ ಶೇಕಡಾ ಬರೆಯುವವರಿದ್ದಾರೆ. ನೋಟೀಸು ಹಾಗೆಂದು ಹೇಳದ ಹೊರತು ಭಾಷೆಗಳೂ ಸೇರಿ ಆರೂ ವಿಷಯದ ಮೊತ್ತವನ್ನೇ ಬರೆಯಬೇಕು. 59.9 ಬಂದವರು ಅದನ್ನು 60 ಎಂದು ಬರೆಯುವಂತಿಲ್ಲ. ಈ ಅರವತ್ತು ಎಲ್ಲಿಂದ ಬಂತೆಂದರೆ, ನನ್ನ ಪ್ರಕಾರ, ನಮ್ಮ 'ಫಸ್ಟ್ ಕ್ಲಾಸ್' ಎಂಬ ಹಳೆಯ ಗೆರೆಯಿಂದ. ಕೆಲಸಕ್ಕೆ ಎಷ್ಟು ತಿಳಿವಳಿಕೆ ಬೇಕೆಂದು ಅಳೆದು ಹಾಕಿದ ಗೆರೆ ಇದಲ್ಲ. ಸಾವಿರಾರು ಅರ್ಜಿಗಳನ್ನು ಒಂದೇ ಏಟಿಗೆ ಸೋಸಲು ಎಲ್ಲರಿಗೂ ಗೊತ್ತಿದ್ದ ಗೆರೆಯೊಂದು ಕೈಗೆ ಸಿಕ್ಕಿತು, ಅಷ್ಟೇ.

ಡಿಗ್ರಿಯ ಶೇಕಡಾದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ನನ್ನ ಅಕ್ಕನ ಮಗಳ ಲೆಕ್ಕದಿಂದಲೇ ಹೇಳುತ್ತೇನೆ. ಅವಳು ವಿಟಿಯುವಿನ 2018ರ ಸ್ಕೀಮಿನಲ್ಲಿ ಓದಿದವಳು. ಆ ಸ್ಕೀಮಿನಲ್ಲಿ ಶೇಕಡಾ ತೆಗೆಯುವ ಸೂತ್ರ (CGPA − 0.75) × 10. ಆರು ಸೆಮಿಸ್ಟರ್ ಮುಗಿದಾಗ ಅವಳ ಸಿಜಿಪಿಎ 6.80, ಅಂದರೆ ಶೇ. 60.5. ಮೂರನೇ ಸೆಮಿಸ್ಟರಿನ ಗಣಿತ ಬಾಕಿ ಇತ್ತು, ಮೂರು ಕ್ರೆಡಿಟ್ಟಿನದು. 'ಪಾಸಾದರೆ ಸಾಕು ಮಾಮಾ' ಅನ್ನುತ್ತಿದ್ದಳು. ನಾವಿಬ್ಬರೂ ಕಾಗದ ತೆಗೆದುಕೊಂಡು ಕೂತೆವು.

ಆ ನಿಯಮದಲ್ಲಿ ಪಾಸಾಗದ ವಿಷಯ ಪಾಸಾಗುವವರೆಗೆ ಸಿಜಿಪಿಎ ಲೆಕ್ಕದಿಂದ ಹೊರಗಿರುತ್ತದೆ. ಪಾಸಾದ ದಿನ ಒಳಗೆ ಬರುತ್ತದೆ. ಲೆಕ್ಕ ಸುಲಭವಾಗಲೆಂದು ಅವಳ ಪಾಸಾದ ಕ್ರೆಡಿಟ್ಟುಗಳನ್ನು 130 ಎಂದು ಹಿಡಿದೆವು. 130ನ್ನು 6.80ರಿಂದ ಗುಣಿಸಿದರೆ 884. ಗಣಿತದಲ್ಲಿ ಬರೀ ನಲವತ್ತು ಬಂದರೆ ಗ್ರೇಡ್ ಪಾಯಿಂಟ್ 4, ಮೂರು ಕ್ರೆಡಿಟ್ಟಿಗೆ 12. ಮೊತ್ತ 896, ಅದನ್ನು 133ರಿಂದ ಭಾಗಿಸಿದರೆ 6.74ಕ್ಕೆ ಒಂದು ಕೂದಲೆಳೆ ಕಡಿಮೆ. ಶೇಕಡಾ 59.9. ಬಾಕಿ ತೀರಿಸಿದ್ದಕ್ಕೇ ಅರವತ್ತರ ಗೆರೆಯಿಂದ ಕೆಳಗೆ! ನಲವತ್ತೈದು ಬಂದರೆ ಗ್ರೇಡ್ ಪಾಯಿಂಟ್ 5, ಆಗ ಮೊತ್ತ 899, ಸಿಜಿಪಿಎ 6.76, ಶೇಕಡಾ 60.1. ಅಂದರೆ ವಿಶ್ವವಿದ್ಯಾಲಯಕ್ಕೆ ನಲವತ್ತು ಸಾಕಾದರೂ ಅವಳಿಗೆ ನಲವತ್ತೈದು ಬೇಕಾಗಿತ್ತು. ಏಳನೇ ಸೆಮಿಸ್ಟರಿನ ಅಂಕಗಳು ಇದನ್ನು ಮೇಲೆತ್ತಬಹುದು, ಇಳಿಸಲೂಬಹುದು. ಸ್ಕೀಮು ಬದಲಾದರೆ ಸೂತ್ರವೂ ಬದಲಾಗುತ್ತದೆ, ಆದ್ದರಿಂದ ಸೀನಿಯರ್ ಹೇಳಿದ ಸೂತ್ರ ಹಿಡಿಯದೆ ತಮ್ಮ ಸ್ಕೀಮಿನ ನಿಯಮಾವಳಿ ನೋಡಿ ಈ ಲೆಕ್ಕವನ್ನು ಪ್ರತಿಯೊಬ್ಬರೂ ಮಾಡಿಕೊಳ್ಳಬೇಕು.

ಅವಳ ಅಮ್ಮನಿಗೆ ಇದೆಲ್ಲ ಒಪ್ಪಿಗೆಯಾಗಲಿಲ್ಲ. 'ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾ ಕೂತಿದೀರಲ್ಲ' ಎಂದರು. ಈ ಗಾದೆಯನ್ನು ನಾವು ಬಳಸುವ ರೀತಿಯ ಬಗ್ಗೆ ನನ್ನ ತಕರಾರು ಬಹಳ ದಿನದ್ದು. ಗಾದೆ ಆತುರಗಾರರನ್ನು ಬಯ್ಯುತ್ತದೆ ಎಂದುಕೊಂಡಿದ್ದೇವೆ. ಆದರೆ ಕುಲಾವಿಯನ್ನು ಮುಂಚೆ ಹೊಲಿಯದೆ ಇನ್ಯಾವಾಗ ಹೊಲಿಯುವುದು? ಬಾಣಂತಿಯ ಕೋಣೆಯಲ್ಲಿ ಕೂತು ಯಾರೂ ಸೂಜಿ ದಾರ ಹಿಡಿಯುವುದಿಲ್ಲ. ನಮ್ಮ ಅಜ್ಜಿಯರು ಹಳೆಯ ಮೆತ್ತನೆ ಸೀರೆ ಹರಿದು ಮೊದಲೇ ಹೊಲಿದಿಡುತ್ತಿದ್ದರು, ಬಸುರಿಗೆ ಎಷ್ಟು ತಿಂಗಳು ಎಂದು ಲೆಕ್ಕವಿಟ್ಟುಕೊಂಡೇ ಹೊಲಿಯುತ್ತಿದ್ದರು. ಗಾದೆ ಬಯ್ಯುವುದು ತಿಂಗಳು ಎಣಿಸದೆ ಹೊಲಿಸಿದವರನ್ನು. ಬಾಕಿ ಇರುವವರಿಗೆ ಸಿಗುವ ಆಫರ್ ಲೆಟರ್ ಅಂಥದೇ ಒಂದು ಕುಲಾವಿ. ಅದನ್ನು ತೆಗೆದುಕೊಳ್ಳುವುದು ತಪ್ಪಲ್ಲ, ತಿಂಗಳು ಎಣಿಸಬೇಕು.

ಎಣಿಸುವುದು ಹೀಗೆ. ಕಂಪನಿ ಏಳನೇ ಸೆಮಿಸ್ಟರಿನ ಆರಂಭದಲ್ಲಿ ಬಂತು ಎನ್ನೋಣ. ಬಾಕಿ ವಿಷಯ ಬರೆಯಲು ಏಳನೆಯದರ ಕೊನೆಗೆ ಒಂದು ಅವಕಾಶ, ಎಂಟನೆಯದರ ಕೊನೆಗೆ ಇನ್ನೊಂದು. ಕೆಲಸಕ್ಕೆ ಸೇರುವ ದಿನ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಮತ್ತು ಪ್ರೊವಿಷನಲ್ ಸರ್ಟಿಫಿಕೇಟ್ ಕೇಳುತ್ತಾರೆ. ಪರೀಕ್ಷೆ ಬರೆದರೆ ಆಗಲಿಲ್ಲ, ಫಲಿತಾಂಶ ಬಂದು ಅಂಕಪಟ್ಟಿ ಕೈ ಸೇರಬೇಕು. ಹಾಗಾಗಿ ಎರಡನೆಯ ಅವಕಾಶವನ್ನು ಅರ್ಧವೆಂದೇ ಹಿಡಿಯಬೇಕು. ಒಂದೂವರೆ ಅವಕಾಶದಲ್ಲಿ ಒಂದು ವಿಷಯ ತೀರುವುದು ನಂಬಬಹುದಾದ ಮಾತು. ನಾಲ್ಕು ವಿಷಯ ಉಳಿಸಿಕೊಂಡವರು ಪ್ಲೇಸ್‌ಮೆಂಟಿನ ತರಬೇತಿಗಿಂತ ಮೊದಲು ಅವಕ್ಕೆ ಕೂರುವುದೇ ಸರಿ. ಒಬ್ಬರಿಗೆ ಒಂದೇ ಆಫರ್ ಎಂಬ ನಿಯಮ ಕಾಲೇಜಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ತೀರದ ಬಾಕಿಯಿಂದ ಆ ಆಫರ್ ಬಿದ್ದುಹೋಗುವ ಹೊತ್ತಿಗೆ ಉಳಿದ ಕಂಪನಿಗಳು ಬಂದು ಹೋಗಿರುತ್ತವೆ.

ಇಲ್ಲಿಯವರೆಗಿನದು ಬಾಗಿಲಿನ ಲೆಕ್ಕ. ಕೆಲಸ ತನಗೆ ಹೊಂದುತ್ತದೆಯೇ ಎಂಬ ಲೆಕ್ಕ ಬೇರೆ, ಅಲ್ಲಿ ಎಷ್ಟು ಬ್ಯಾಕ್ ಎನ್ನುವುದಕ್ಕಿಂತ ಯಾವ ಬ್ಯಾಕ್ ಎನ್ನುವುದು ಮುಖ್ಯ. ಅಕ್ಕನ ಮಗಳಿಗೆ ಬಾಕಿ ಇದ್ದದ್ದು ಫೂರಿಯೆ ಸರಣಿ, ಲ್ಯಾಪ್ಲಾಸ್ ಪರಿವರ್ತನೆಗಳ ಗಣಿತ. ಅವಳು ಅರ್ಜಿ ಹಾಕಿದ್ದು ವ್ಯಾಪಾರಿ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ, ಅಲ್ಲಿ ಇವು ಎದುರಾಗುವುದು ಅಪರೂಪ. ಸಿಗ್ನಲ್ ಪ್ರಾಸೆಸಿಂಗ್ ಕೆಲಸವಾಗಿದ್ದರೆ ಇದೇ ವಿಷಯ ಬುನಾದಿ. ಅವಳು ಆಗಲೇ ತೀರಿಸಿದ್ದ ಇನ್ನೊಂದು ಬ್ಯಾಕ್ ಡೇಟಾ ಸ್ಟ್ರಕ್ಚರ್ಸ್. ಅದು ಅವಳ ಮಾತಿನಲ್ಲಿ ಡೆಡ್, ಆದರೆ ಕೆಲಸದ ದೃಷ್ಟಿಯಿಂದ ಅದೇ ಜೀವಂತ ಪ್ರಶ್ನೆ. ಎರಡನೇ ಸಲ ಪಾಸಾದದ್ದು ತಿಳಿದೋ, ಬರೀ ಹಳೆಯ ಪ್ರಶ್ನೆಪತ್ರಿಕೆ ಉರುಹೊಡೆದೋ? ಪರೀಕ್ಷಿಸಲು ಅವಳು ಪುಸ್ತಕ ಮುಚ್ಚಿ, ಅರೇಯಲ್ಲಿ ವೃತ್ತಾಕಾರದ ಕ್ಯೂ ಬರೆಯಲು ಕೂತಳು. ಸೇರಿಸುವುದು, ತೆಗೆಯುವುದು ಬಂತು. ಕ್ಯೂ ತುಂಬಿದೆಯೋ ಖಾಲಿಯೋ ಎಂದು ಬೇರ್ಪಡಿಸುವಲ್ಲಿ ಸಿಕ್ಕಿಕೊಂಡಳು, ಏಕೆಂದರೆ ಎರಡೂ ಸಂದರ್ಭದಲ್ಲಿ ತುದಿಗಳೆರಡು ಒಂದೇ ಕಡೆ ಬಂದು ನಿಲ್ಲಬಹುದು. ಅಂಕಪಟ್ಟಿ ತೀರಿತೆಂದ ವಿಷಯದಲ್ಲಿ ನಿಜವಾಗಿ ಉಳಿದಿದ್ದ ಬಾಕಿ ಅಲ್ಲಿ ಕಂಡಿತು. ಒಂದು ವಾರ ಅದಕ್ಕೇ ಕೂತಳು.

ಅರ್ಜಿಯ ಕಾಲಂ ತುಂಬುವಾಗಲೂ ಇವತ್ತಿನ ಬಾಕಿ, ಇದುವರೆಗಿನ ಬಾಕಿ ಎಂಬ ಎರಡು ಲೆಕ್ಕ ಬೆರೆಯಬಾರದು. ಇವತ್ತಿನ ಬಾಕಿ ಎಷ್ಟು ಎಂದು ಕೇಳಿದರೆ ಅವಳ ಉತ್ತರ ಒಂದು, ಇದುವರೆಗೆ ಒಟ್ಟು ಎಷ್ಟು ಎಂದರೆ ಎರಡು. ಸೊನ್ನೆ ಬರೆದು ನುಸುಳಿದವರ ಅಂಕಪಟ್ಟಿಗಳನ್ನು ಸೇರಿದ ಮೇಲೂ ಹಿನ್ನೆಲೆ ಪರಿಶೀಲನೆಯಲ್ಲಿ ತಾಳೆ ನೋಡಬಹುದು, ಸುಳ್ಳು ಸಿಕ್ಕರೆ ಹೋಗುವುದು ಸಿಕ್ಕಿದ್ದ ಕೆಲಸವೇ. ಸಂದರ್ಶನದಲ್ಲಿ ಕೇಳಿದರೆ ಯಾವ ವಿಷಯ, ಯಾಕೆ ಹೋಯಿತು, ಯಾವ ಪರೀಕ್ಷೆಗೆ ಬರೆಯುತ್ತೇನೆ ಎಂದು ಮೂರು ವಾಕ್ಯದಲ್ಲಿ ಹೇಳಿದರೆ ಸಾಕು. ದಾವಣಗೆರೆಯ ತಂದೆಗೆ ನನ್ನ ಉತ್ತರ ಇಷ್ಟು: ಒಂದು ಬಾಕಿಯನ್ನು ಒಪ್ಪುವ ಕಂಪನಿಗೆ ಮಗಳು ಈಗಲೇ ಅರ್ಜಿ ಹಾಕಲಿ, ಬಾಕಿಯೇ ಇರಬಾರದು ಎನ್ನುವ ಕಂಪನಿಗಳಲ್ಲಿ ಫಲಿತಾಂಶದ ನಂತರ ಬರುವವು ಯಾವುವು ಎಂದು ಪ್ಲೇಸ್‌ಮೆಂಟ್ ಆಫೀಸರನ್ನು ಕೇಳಲಿ, ಹಿಸ್ಟರಿ ಕೇಳುವ ನೋಟೀಸನ್ನು ಬಿಟ್ಟುಬಿಡಲಿ. ಹಾಗೆ ಬಿಟ್ಟ ಕಂಪನಿ ಬರುವ ದಿನ ಓದಲು ಕೂತರೆ ಬಾಕಿ ವಿಷಯದ ಒಂದು ಮಾಡ್ಯೂಲ್ ಮುಗಿಯುತ್ತದೆ.