ಸ್ವಗತದ ಜಾಗಕ್ಕೆ ಬಂದ ಈಟಿ: ನಾಟಕದ ದೃಶ್ಯ ಚಿತ್ರಕಥೆಯಾದ ಬಗೆ

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಎರಡನೇ ಅಂಕದಲ್ಲಿ ಒಂದು ಪ್ರಸಿದ್ಧ ಸ್ವಗತವಿದೆ. ತನ್ನ ಮನೆಗೆ ಅತಿಥಿಯಾಗಿ ಬಂದ ರಾಜನನ್ನು ಕೊಲ್ಲಲು ಹೊರಟ ಮ್ಯಾಕ್‌ಬೆತ್ ನಡುರಾತ್ರಿ ಒಬ್ಬನೇ ನಿಂತು 30ಕ್ಕೂ ಹೆಚ್ಚು ಸಾಲು ಮಾತಾಡುತ್ತಾನೆ. ಗಾಳಿಯಲ್ಲಿ ತೇಲುವ ಕಠಾರಿ, ಅದರ ಮೇಲೆ ಮೂಡುವ ರಕ್ತ, ಹೆಜ್ಜೆಸಪ್ಪಳ ಕೇಳಿಸಿಕೊಳ್ಳಬೇಡವೆಂದು ನೆಲಕ್ಕೆ ಮಾಡುವ ಬೇಡಿಕೆ, ಕೊನೆಗೆ ಗಂಟೆಯ ಸದ್ದು. ರಂಗದ ಮೇಲೆ ಈ ಮಾತು ಬೇಕೇ ಬೇಕಿತ್ತು. ಗ್ಲೋಬ್‌ನಂಥ ಬಯಲು ರಂಗಮಂದಿರಗಳಲ್ಲಿ ಆಟ ನಡೆಯುತ್ತಿದ್ದದ್ದು ಹಾಡಹಗಲಲ್ಲಿ. ಕತ್ತಲು, ಕಠಾರಿ, ಭಯ ಎಲ್ಲವನ್ನೂ ನಟನ ಬಾಯೇ ತರಬೇಕಿತ್ತು. ಕ್ಯಾಮೆರಾ ಬಂದಮೇಲೆ ಕತ್ತಲನ್ನು ಹೇಳಬೇಕಾದ ಅಗತ್ಯ ಹೋಯಿತು. ಆದರೆ ಮಾತಿನ ಜಾಗದಲ್ಲಿ ಏನನ್ನು ಇಡಬೇಕು ಎಂಬುದನ್ನು ಕಲಿಯಲು ಸಿನಿಮಾಕ್ಕೆ ಬಹಳ ಕಾಲ ಹಿಡಿಯಿತು.

ಮಾತು ಬಂದ ಹೊಸತರಲ್ಲಿ ಚಿತ್ರಗಳು ರಂಗಭೂಮಿಯನ್ನೇ ಆತುಕೊಂಡಿದ್ದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತೆರೆಗೆ ಬಂದಾಗ ಅದರ ಮುಖ್ಯ ಕಲಾವಿದರಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ವೃತ್ತಿ ರಂಗಭೂಮಿಯಲ್ಲಿ ಪಳಗಿದವರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಮಾತು ಎಸೆಯುವುದು ಕಂಪನಿ ನಾಟಕದ ವಿದ್ಯೆ. ಎಲ್ಲೆಡೆಯೂ ಆಗಿನ ಧ್ವನಿಮುದ್ರಣದ ಯಂತ್ರಗಳು ನಟನ ಓಡಾಟಕ್ಕೆ ಮಿತಿ ಹಾಕಿದ್ದವು. ಹೀಗಾಗಿ ನಿಂತು ಮಾತಾಡುವುದೇ ತೆರೆಯ ರೂಢಿಯೂ ಆಯಿತು.

ಈ ರೂಢಿಯನ್ನು ಸಡಿಲಿಸಿದವರಲ್ಲಿ ಲಾರೆನ್ಸ್ ಒಲಿವಿಯೆ ಒಬ್ಬ. ‘ಹೆನ್ರಿ ದಿ ಫಿಫ್ತ್’ (1944) ಚಿತ್ರದಲ್ಲಿ ಯುದ್ಧಕ್ಕೆ ಮುಂಚಿನ ಭಾಷಣ ಏರುತ್ತಿದ್ದಂತೆ ಕ್ಯಾಮೆರಾ ಹತ್ತಿರ ಬರುವ ಬದಲು ಹಿಂದೆ ಸರಿಯುತ್ತದೆ. ಎತ್ತರಿಸಿದ ದನಿಗೆ ಬೇಕಾದ ಬಯಲು ಸಿಗುತ್ತದೆ. ‘ಹ್ಯಾಮ್ಲೆಟ್’ (1948) ಚಿತ್ರದಲ್ಲಿ ಆತ ಸ್ವಗತದ ಕೆಲವು ಸಾಲುಗಳನ್ನು ತುಟಿ ಅಲುಗಿಸದೆ ಹಿನ್ನೆಲೆ ದನಿಯಾಗಿ ಕೇಳಿಸಿದ. ಮಾತು ಬಾಯಿಂದ ಮನಸ್ಸಿಗೆ ಇಳಿಯಿತು, ಆದರೆ ಮಾತಾಗಿಯೇ ಉಳಿಯಿತು. ಇಂದಿಗೂ ಅನೇಕ ಚಿತ್ರಕಥೆಗಳು ಈ ಮೆಟ್ಟಿಲಲ್ಲೇ ನಿಲ್ಲುತ್ತವೆ.

ಮುಂದಿನ ಹೆಜ್ಜೆ ಇಟ್ಟದ್ದು ಅಕಿರಾ ಕುರೋಸಾವಾ. ‘ಮ್ಯಾಕ್‌ಬೆತ್’ ಆಧರಿಸಿ ಆತ ಮಾಡಿದ ‘ಥ್ರೋನ್ ಆಫ್ ಬ್ಲಡ್’ (1957) ಷೇಕ್ಸ್‌ಪಿಯರನ ಸಾಲುಗಳನ್ನು ಬಿಟ್ಟೇ ಹೊರಟಿತು. ಹಷಿಮೋಟೋ, ಕಿಕುಷಿಮಾ, ಒಗುನಿ ಎಂಬ ಮೂವರು ಕುರೋಸಾವಾನ ಜೊತೆ ಕೂತು ಬರೆದ ಈ ಚಿತ್ರದ ಕೊಲೆಯ ರಾತ್ರಿಯನ್ನು ಬಿಡಿಸಿ ನೋಡಿದರೆ ಇಡೀ ವಿದ್ಯೆಯೇ ಕಾಣುತ್ತದೆ.

ಮೊದಲು ಕೋಣೆ. ಒಡೆಯ ಅತಿಥಿಯಾಗಿ ಬಂದು, ಈ ಚಿತ್ರದ ಮ್ಯಾಕ್‌ಬೆತ್ ಆದ ವಾಷಿಜುವಿನ ಕೋಣೆಯಲ್ಲೇ ಉಳಿದಿದ್ದಾನೆ. ಹಾಗಾಗಿ ವಾಷಿಜು ದಂಪತಿಗೆ ಉಳಿದದ್ದು, ಹಿಂದೆ ಒಬ್ಬ ದ್ರೋಹಿ ಪ್ರಾಣ ಕಳೆದುಕೊಂಡ, ಯಾರೂ ಬಳಸದ ಕೋಣೆ. ದೀಪ ಹಿಡಿದು ಬರುವ ಆಳುಗಳು ಅಲ್ಲಿನ ತೊಳೆದರೂ ಹೋಗದ ರಕ್ತದ ಕಲೆ ಕಂಡು ಹಿಂಜರಿಯುತ್ತಾರೆ. ನಾಟಕದಲ್ಲಿ ರಕ್ತ ಮ್ಯಾಕ್‌ಬೆತ್ತನ ಕಲ್ಪನೆಯಲ್ಲಿತ್ತು. ಇಲ್ಲಿ ಅದು ಗೋಡೆಯ ಮೇಲಿದೆ, ದ್ರೋಹದ ಫಲವೇನೆಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಆಮೇಲೆ ನಿರ್ಧಾರ. ನಾಟಕದಲ್ಲಿ ಮ್ಯಾಕ್‌ಬೆತ್ ಮಾತಾಡುತ್ತ ಆಡುತ್ತ ಕೊಲೆಗೆ ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಹೆಂಡತಿ ಅಸಾಜಿ ಪಕ್ಕದ ಕತ್ತಲೊಳಗೆ ನಡೆದು ಪೂರ್ತಿ ಮರೆಯಾಗುತ್ತಾಳೆ. ಕೇಳುವುದು ರೇಷ್ಮೆ ಬಟ್ಟೆಯ ಸರಸರ ಮಾತ್ರ. ಅದೇ ಕತ್ತಲಿಂದ ಮದ್ದು ಬೆರೆಸಿದ ಮದ್ಯದ ಪಾತ್ರೆ ಹಿಡಿದು ಹೊರಬಂದು ಕಾವಲಿನವರತ್ತ ಹೋಗುತ್ತಾಳೆ. ಅವರು ಮಲಗಿದ ಮೇಲೆ ಅವರದೇ ಈಟಿ ತಂದು ಗಂಡನ ಕೈಗೆ ಕೊಡುತ್ತಾಳೆ. ಇಡೀ ಸ್ವಗತದ ಕೆಲಸವನ್ನು ಒಂದು ವಸ್ತು ಕೈ ಬದಲಾಯಿಸುವ ಈ ಗಳಿಗೆ ಮಾಡಿಬಿಡುತ್ತದೆ.

ಕೊಲೆಯನ್ನು ತೋರಿಸುವುದಿಲ್ಲ. ಕ್ಯಾಮೆರಾ ಅಸಾಜಿಯ ಜೊತೆ ಉಳಿಯುತ್ತದೆ. ಅವಳು ಕೂತಿರುತ್ತಾಳೆ, ಕಲೆಯತ್ತ ನೋಡುತ್ತಾಳೆ, ತಟ್ಟನೆ ಎದ್ದು ನೋ ನಾಟಕದ ನಡೆಯಲ್ಲಿ ಸುಳಿದಾಡುತ್ತಾಳೆ. ವಾಷಿಜು ಮರಳಿದಾಗ ಅವನ ಬಾಯಿಂದ ಮಾತು ಹೊರಡುವುದಿಲ್ಲ. ನಿದ್ರೆಯನ್ನೇ ಕೊಂದೆನೆಂದು ಮ್ಯಾಕ್‌ಬೆತ್ ಹಲುಬುವ ಜಾಗದಲ್ಲಿ, ಈಟಿಗೆ ಅಂಟಿಕೊಂಡು ಬಿಡದ ಬೆರಳುಗಳಿವೆ. ಅಸಾಜಿ ಅವನ್ನು ಬಿಡಿಸಿ ಈಟಿ ಕಿತ್ತುಕೊಂಡು, ಕಾವಲಿನವರ ಬಳಿ ಇಟ್ಟು, ಕೈ ತೊಳೆಯುತ್ತಾಳೆ.

ಇದರ ಕೊನೆಯ ತುಣುಕನ್ನು ಚಿತ್ರಕಥೆಯ ರೂಪದಲ್ಲಿ ನನ್ನ ಮಾತುಗಳಲ್ಲಿ ಬರೆದರೆ ಹೀಗಿರುತ್ತದೆ:

ಒಳಾಂಗಣ. ಕಲೆಯ ಕೋಣೆ. ರಾತ್ರಿ.
ವಾಷಿಜು ಒಳಗೆ ಬರುತ್ತಾನೆ. ಕೈಯಲ್ಲಿ ರಕ್ತಸಿಕ್ತ ಈಟಿ.
ಕೂರುತ್ತಾನೆ. ಉಸಿರಾಟ ಮಾತ್ರ ಕೇಳುತ್ತದೆ.
ಅಸಾಜಿ ಈಟಿ ಎಳೆಯುತ್ತಾಳೆ. ಅವನ ಹಿಡಿತ ಸಡಿಲವಾಗದು.
ಒಂದೊಂದೇ ಬೆರಳು ಬಿಡಿಸುತ್ತಾಳೆ.
ಈಟಿ ಹಿಡಿದು ಹೊರಗೆ ನಡೆಯುತ್ತಾಳೆ. ಅವನ ಖಾಲಿ ಕೈ ಹಾಗೆಯೇ ನಿಂತಿದೆ.

ಇಲ್ಲಿ ‘ಅವನಿಗೆ ಪಶ್ಚಾತ್ತಾಪವಾಯಿತು’ ಎಂಬ ವಾಕ್ಯವಿಲ್ಲ, ಏಕೆಂದರೆ ಅದನ್ನು ಚಿತ್ರೀಕರಿಸಲಾಗದು. ಭಾಷಣವನ್ನು ಕ್ರಿಯೆಯಾಗಿಸುವಾಗ ಕೇಳಬೇಕಾದ್ದು, ಮಾತಿನ ಮೊದಲಿಗೂ ಕೊನೆಗೂ ನಡುವೆ ಪಾತ್ರದಲ್ಲಿ ಏನು ಬದಲಾಯಿತು ಎಂದು. ಸ್ವಗತದಲ್ಲಿನ ಉಪಮೆಗಳನ್ನೂ ಪುರಾಣದ ಉಲ್ಲೇಖಗಳನ್ನೂ ಬದಿಗಿಟ್ಟರೆ ಉಳಿಯುವುದು ಹಿಂಜರಿಕೆಯಿಂದ ಹೊರಡುವಿಕೆಯವರೆಗಿನ ದಾರಿ. ಆ ದಾರಿಗೆ ಒಂದು ವಸ್ತು, ಒಂದು ಅಡ್ಡಿ, ಒಂದು ಕಾಯುವಿಕೆ ಬೇಕು.

ಇದೇ ಹಾದಿಯಲ್ಲಿ ರಷ್ಯಾದ ಗ್ರಿಗೋರಿ ಕೋಜಿಂತ್ಸೆವ್ ‘ಹ್ಯಾಮ್ಲೆಟ್’ (1964) ಮಾಡಿದ. ಡೆನ್ಮಾರ್ಕ್ ಸೆರೆಮನೆ ಎಂಬ ಮಾತಿಗೆ ಕಾಯದೆ, ರಾಜಕುಮಾರ ಕೋಟೆಯೊಳಗೆ ಬಂದ ಕೂಡಲೇ ಸೇತುವೆ ಮೇಲೇಳುವುದನ್ನು ತೋರಿಸುತ್ತಾನೆ. ತಂದೆ ಸತ್ತ ಒಫೀಲಿಯಾಳಿಗೆ ಶೋಕದ ಉಡುಪಿನಡಿ ಕಬ್ಬಿಣದ ಕವಚ ತೊಡಿಸುವುದನ್ನು ನೋಡಿದವರಿಗೆ ಅವಳ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಎಡವುವ ಬಗೆಯೂ ಈ ಚರಿತ್ರೆಯಲ್ಲಿದೆ. ರೋಮನ್ ಪೊಲಾನ್ಸ್ಕಿಯ ‘ಮ್ಯಾಕ್‌ಬೆತ್’ (1971) ಗಾಳಿಯಲ್ಲಿ ಹೊಳೆಯುವ ಕಠಾರಿಯನ್ನೇ ತೆರೆಯ ಮೇಲೆ ತೂಗುಬಿಟ್ಟಿತು. ಕಠಾರಿ ನಿಜವೋ ಭ್ರಮೆಯೋ ಎಂಬುದೇ ಸ್ವಗತದ ಜೀವ. ಕಣ್ಣಿಗೆ ಕಂಡ ಮೇಲೆ ಆ ಪ್ರಶ್ನೆ ಸೊರಗುತ್ತದೆ. ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಎರಡರಲ್ಲೊಂದು ಹೆಚ್ಚುವರಿ. ಜೋಯಲ್ ಕೋಯನ್‌ನ ‘ದಿ ಟ್ರಾಜಿಡಿ ಆಫ್ ಮ್ಯಾಕ್‌ಬೆತ್’ (2021) ಇದಕ್ಕೆ ಉತ್ತರ ಕೊಟ್ಟಂತಿದೆ. ಅಲ್ಲಿ ಸ್ವಗತ ಉಳಿದಿದೆ, ಆದರೆ ಉದ್ದನೆಯ ಮೊಗಸಾಲೆಯ ಕೊನೆಯಲ್ಲಿ ಕಠಾರಿಯಂತೆ ಕಾಣುವುದು ಬಾಗಿಲ ಹಿಡಿ. ಅದನ್ನು ಹಿಡಿಯುವುದೆಂದರೆ ರಾಜನ ಕೋಣೆಗೆ ಹೋಗುವುದೇ. ವಿಶಾಲ್ ಭಾರದ್ವಾಜರ ‘ಮಕ್ಬೂಲ್’ (2003) ಮತ್ತೊಂದು ದಾರಿ ಹಿಡಿಯಿತು. ಮುಂಬೈ ಭೂಗತ ಲೋಕದ ಈ ಕಥೆಯಲ್ಲಿ ದೊರೆಯ ಪಕ್ಕದಲ್ಲೇ ಮಲಗಿರುವ, ಲೇಡಿ ಮ್ಯಾಕ್‌ಬೆತ್ ಜಾಗದ ನಿಮ್ಮಿಯ ಮುಖಕ್ಕೆ ರಕ್ತ ಸಿಡಿಯುತ್ತದೆ. ಅವಳ ಪಾಲುದಾರಿಕೆಗೆ ಬೇರೆ ಸಂಭಾಷಣೆ ಬೇಕಿಲ್ಲ.

ಎಲ್ಲ ಭಾಷಣವನ್ನೂ ಹೀಗೆ ಕಳಚಲಾಗದು ಎಂಬುದೂ ನಿಜ. ‘ಜೂಲಿಯಸ್ ಸೀಸರ್’ನಲ್ಲಿ ಶವದ ಮುಂದೆ ಆಂಟನಿ ಮಾಡುವ ಭಾಷಣ ಜನರನ್ನು ಕೆರಳಿಸುವ ಕ್ರಿಯೆಯೇ ಆಗಿದೆ. ಮ್ಯಾಂಕೀವಿಕ್ಸ್ ತನ್ನ 1953ರ ಚಿತ್ರದಲ್ಲಿ ಅದನ್ನು ಮಾರ್ಲನ್ ಬ್ರಾಂಡೋ ಬಾಯಲ್ಲಿ ಉಳಿಸಿಕೊಂಡು, ಗುಂಪು ಬದಲಾಗುವುದನ್ನು ತೋರಿಸಿದ. ಇನ್ನೊಬ್ಬರನ್ನು ಬದಲಾಯಿಸುವ ಮಾತು ಉಳಿಯಬೇಕು. ತನಗೆ ತಾನೇ ವಿವರಿಸಿಕೊಳ್ಳುವ ಮಾತಿಗೆ ಕ್ರಿಯೆ ಹುಡುಕಬೇಕು.

ಕನ್ನಡದ ನಾಟಕವೊಂದನ್ನು ತೆರೆಗೆ ತರಲು ಕೂತವರು ಒಂದು ಪರೀಕ್ಷೆ ಮಾಡಲಿ. ಬರೆದ ದೃಶ್ಯದಲ್ಲಿ ಸಂಭಾಷಣೆಯ ಸಾಲುಗಳನ್ನು ಮುಚ್ಚಿ, ಉಳಿದದ್ದನ್ನು ಕಥೆ ಗೊತ್ತಿಲ್ಲದವರೊಬ್ಬರಿಗೆ ಓದಲು ಕೊಡಲಿ. ಯಾರು ಏನನ್ನು ಬಯಸಿದರು, ಕೊನೆಗೆ ಏನು ಬದಲಾಯಿತು ಎಂದು ಅವರು ಹೇಳಬಲ್ಲರಾದರೆ ದೃಶ್ಯ ಸಿನಿಮಾ ಆಗಿದೆ. ಹೇಳಲಾರದಿದ್ದರೆ ಅದಿನ್ನೂ ನಾಟಕವೇ.