ಆಮದು ಯಂತ್ರದ ತಲುಪು ವೆಚ್ಚ: ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಸಣ್ಣ ಉದ್ಯಮ ಸ್ಥಾಪಿಸಲು ಸಾಲ ಮತ್ತು ಸಹಾಯಧನ ಕೋರುವ ಅರ್ಜಿದಾರರು ಯೋಜನಾ ವರದಿಯಲ್ಲಿ ಯಂತ್ರೋಪಕರಣಗಳ ವೆಚ್ಚವನ್ನು ನಮೂದಿಸಬೇಕಾಗುತ್ತದೆ. ಯಂತ್ರವನ್ನು ಹೊರದೇಶದಿಂದ ತರಿಸುವವರು ಮಾರಾಟಗಾರನ ದರಪಟ್ಟಿಯಲ್ಲಿರುವ ಬೆಲೆಯನ್ನೇ ವೆಚ್ಚವೆಂದು ಬರೆಯುವುದುಂಟು. ಹೀಗೆ ಬರೆದಲ್ಲಿ ಮಂಜೂರಾದ ಸಾಲ ಸಾಲದೆ, ಯಂತ್ರವು ಬಂದರಿನಲ್ಲಿಯೇ ನಿಲ್ಲುವ ಸಂಭವವಿರುತ್ತದೆ. ಖರೀದಿ ಬೆಲೆಗೆ ಸಾಗಣೆ, ವಿಮೆ, ಸೀಮಾಸುಂಕ ಮತ್ತು ನಿರ್ವಹಣಾ ಶುಲ್ಕಗಳನ್ನು ಸೇರಿಸಿದಾಗ ದೊರೆಯುವ ಮೊತ್ತವೇ ತಲುಪು ವೆಚ್ಚ, ಅಂದರೆ ಲ್ಯಾಂಡೆಡ್ ಕಾಸ್ಟ್.

ಉದಾಹರಣೆ

ಟಿ. ನರಸೀಪುರದಲ್ಲಿ ಅಕ್ಕಿ ಹಾಗೂ ಬೇಳೆಕಾಳುಗಳ ಪೊಟ್ಟಣ ಕಟ್ಟುವ ಘಟಕಕ್ಕೆ ಚೀನಾದಿಂದ ಒಂದು ಪ್ಯಾಕಿಂಗ್ ಯಂತ್ರವನ್ನು ಚೆನ್ನೈ ಬಂದರಿನ ಮೂಲಕ ತರಿಸಲಾಗುತ್ತಿದೆ ಎಂದಿಟ್ಟುಕೊಳ್ಳೋಣ. ಇಲ್ಲಿನ ಮೊತ್ತಗಳು ಲೆಕ್ಕವನ್ನು ತೋರಿಸಲು ಕಲ್ಪಿಸಿದವು. ದರಪಟ್ಟಿಯ ಬೆಲೆ ಎಫ್.ಓ.ಬಿ. ಆಧಾರದಲ್ಲಿ ರೂ. 4,00,000. ಎಂದರೆ, ಅಲ್ಲಿನ ಬಂದರಿನಲ್ಲಿ ಹಡಗಿಗೇರಿಸುವವರೆಗಿನ ಖರ್ಚು ಇದರಲ್ಲಿ ಸೇರಿದೆ. ದರಪಟ್ಟಿಯಲ್ಲಿ 'ಎಕ್ಸ್ ವರ್ಕ್ಸ್' ಎಂದಿದ್ದರೆ ಕಾರ್ಖಾನೆಯಿಂದ ಬಂದರಿಗೆ ಸಾಗಿಸುವ ಖರ್ಚೂ ಖರೀದಿದಾರರದೇ; ಇದನ್ನು ಮೊದಲೇ ನೋಡಿಕೊಳ್ಳತಕ್ಕದ್ದು.

ಹಡಗು ಸಾಗಣೆ ರೂ. 35,500 ಮತ್ತು ವಿಮೆ ರೂ. 4,500 ಸೇರಿದಾಗ ಮೌಲ್ಯ ರೂ. 4,40,000 ಆಗುತ್ತದೆ. ಸುಂಕವನ್ನು ಲೆಕ್ಕಹಾಕುವುದು ಈ ಮೌಲ್ಯದ ಮೇಲೆಯೇ ಹೊರತು ಯಂತ್ರದ ಬೆಲೆಯ ಮೇಲಲ್ಲ. ಮೂಲ ಸೀಮಾಸುಂಕ ಶೇ. 7.5 ಎಂದು ಹಿಡಿದರೆ ರೂ. 33,000, ಆ ಸುಂಕದ ಮೇಲೆ ಶೇ. 10ರಂತೆ ಸಮಾಜ ಕಲ್ಯಾಣ ಸರ್‌ಚಾರ್ಜ್ ರೂ. 3,300. ಬಳಿಕ ಈ ಎಲ್ಲವುಗಳ ಮೊತ್ತವಾದ ರೂ. 4,76,300ರ ಮೇಲೆ ಶೇ. 18ರ ಐ.ಜಿ.ಎಸ್.ಟಿ. ರೂ. 85,734.

ಸಾಗಣೆ ವೆಚ್ಚವನ್ನು ದಾಖಲೆ ಸಹಿತ ತೋರಿಸಲಾಗದಿದ್ದಲ್ಲಿ, 2007ರ ಸೀಮಾಸುಂಕ ಮೌಲ್ಯಮಾಪನ ನಿಯಮಗಳಂತೆ ಎಫ್.ಓ.ಬಿ. ಬೆಲೆಯ ಶೇ. 20ನ್ನು ಸಾಗಣೆ ವೆಚ್ಚವೆಂದು ಪರಿಗಣಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ರೂ. 80,000 ಆಗಿ, ಸುಂಕ ಮತ್ತು ಸರ್‌ಚಾರ್ಜ್ ಸುಮಾರು ರೂ. 3,671ರಷ್ಟು ಹೆಚ್ಚುತ್ತದೆ. ಆದ್ದರಿಂದ ಸಾಗಣೆ ರಸೀದಿಯನ್ನು ಕಾಪಾಡಿಕೊಳ್ಳುವುದು ಅಗತ್ಯ.

ಬಂದರಿನಿಂದ ಘಟಕದವರೆಗೆ

ಅಂದಾಜು ಹೆಚ್ಚಾಗಿ ತಪ್ಪುವುದು ಈ ಭಾಗದಲ್ಲಿ. ಒಂದೇ ಯಂತ್ರವು ಇತರರ ಸರಕಿನೊಡನೆ ಒಂದೇ ಕಂಟೇನರ್‌ನಲ್ಲಿ ಬಂದಾಗ ಹಡಗಿನ ಬಾಡಿಗೆ ಅಗ್ಗವಾಗಿ ಕಂಡರೂ, ಚೆನ್ನೈನಲ್ಲಿ ಕಂಟೇನರ್ ಬಿಚ್ಚುವುದು, ದಾಸ್ತಾನು ಮತ್ತು ಡೆಲಿವರಿ ಆರ್ಡರ್ ಹೆಸರಿನಲ್ಲಿ ಬೇರೆ ಶುಲ್ಕಗಳು ಬೀಳುತ್ತವೆ. ಇವುಗಳ ಲಿಖಿತ ದರವನ್ನು ಸರಕು ಹೊರಡುವ ಮುನ್ನವೇ ಪಡೆಯುವುದು ಲೇಸು. ನಮ್ಮ ಉದಾಹರಣೆಯಲ್ಲಿ ಅವು ರೂ. 22,000; ಕ್ಲಿಯರಿಂಗ್ ಏಜೆಂಟರ ಶುಲ್ಕ ರೂ. 10,000, ಬ್ಯಾಂಕ್ ಶುಲ್ಕ ರೂ. 3,000; ಬೆಂಗಳೂರು, ಮೈಸೂರು ಮಾರ್ಗವಾಗಿ ಟಿ. ನರಸೀಪುರಕ್ಕೆ ಲಾರಿ ಬಾಡಿಗೆ ರೂ. 24,000, ಕ್ರೇನಿನಿಂದ ಇಳಿಸಿ ಕೂರಿಸಲು ರೂ. 8,000. ಒಟ್ಟು ರೂ. 67,000.

ಅಂತೆಯೇ ಐ.ಜಿ.ಎಸ್.ಟಿ. ಹೊರತಾಗಿ ತಲುಪು ವೆಚ್ಚ ರೂ. 5,43,300. ಇದೇ ಸಾಮರ್ಥ್ಯದ ಯಂತ್ರವನ್ನು ಬೆಂಗಳೂರಿನ ವಿತರಕರು ಜಿ.ಎಸ್.ಟಿ. ಹೊರತಾಗಿ ರೂ. 5,25,000ಕ್ಕೆ ಘಟಕದಲ್ಲಿಯೇ ಕೂರಿಸಿಕೊಡುವುದಾದರೆ, ರೂ. 1,25,000 ಉಳಿಯುವಂತೆ ಕಂಡ ಆಮದು ವಾಸ್ತವದಲ್ಲಿ ರೂ. 18,300 ದುಬಾರಿ. ಬಿಡಿಭಾಗ ಮತ್ತು ದುರಸ್ತಿಯ ಮಾತು ಬೇರೆಯೇ ಇದೆ.

ಐ.ಜಿ.ಎಸ್.ಟಿ. ಸೇರಿಸಬೇಕೆ?

ಸಾಮಾನ್ಯ ಜಿ.ಎಸ್.ಟಿ. ನೋಂದಣಿ ಹೊಂದಿ ತೆರಿಗೆಗೊಳಪಡುವ ಸರಕನ್ನು ಮಾರುವವರು ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದಾದುದರಿಂದ ವೆಚ್ಚಕ್ಕೆ ಸೇರಿಸಬೇಕಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ತೆರಿಗೆ ವಿನಾಯಿತಿಯುಳ್ಳ ಸರಕನ್ನು ಮಾತ್ರ ಮಾರುವವರಿಗೂ ಈ ಸೌಲಭ್ಯವಿಲ್ಲ. ಅವರಿಗೆ ವೆಚ್ಚ ರೂ. 6,29,034 ಆಗುತ್ತದೆ. ಬಂದರಿನ ಸೇವೆಗಳ ಮೇಲಿನ ಜಿ.ಎಸ್.ಟಿ. ಇದಕ್ಕೆ ಹೆಚ್ಚುವರಿ. ಕ್ರೆಡಿಟ್ ದೊರೆಯುವವರೂ ಸರಕು ಬಿಡಿಸುವಾಗ ತೆರಿಗೆಯನ್ನು ಮೊದಲು ಪಾವತಿಸಲೇಬೇಕು. ಆ ಹಣ ಕೈಯಲ್ಲಿಲ್ಲದೆ ಸರಕು ಉಚಿತ ಅವಧಿ ಮೀರಿ ನಿಂತರೆ ದಾಸ್ತಾನು ಬಾಡಿಗೆಯೂ, ತಡವಾದ ಸುಂಕದ ಮೇಲೆ ಬಡ್ಡಿಯೂ ಬೆಳೆಯುತ್ತವೆ.

ಗಮನಿಸಬೇಕಾದ ಅಂಶಗಳು

ಸುಂಕದ ದರವು ಯಂತ್ರದ ಸುಂಕಪಟ್ಟಿ ಸಂಖ್ಯೆಯನ್ನು (ಎಚ್.ಎಸ್. ಕೋಡ್) ಅವಲಂಬಿಸಿದ್ದು, ಬಜೆಟ್ ಅಥವಾ ಅಧಿಸೂಚನೆಯಿಂದ ಬದಲಾಗಬಹುದು. ಮಾರಾಟಗಾರನು ಬರೆದ ಸಂಖ್ಯೆಯನ್ನೇ ನಂಬದೆ ಕ್ಲಿಯರಿಂಗ್ ಏಜೆಂಟರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಸುಂಕದ ಲೆಕ್ಕಕ್ಕೆ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಜಾರಿಯಲ್ಲಿರುವ ಅಧಿಸೂಚಿತ ವಿನಿಮಯ ದರವು ಅನ್ವಯಿಸುತ್ತದೆ. ಬ್ಯಾಂಕು ಹಣ ಕಳುಹಿಸುವಾಗ ಹಾಕುವ ದರ ಬೇರೆ. ಆದುದರಿಂದ ಅಂದಾಜಿನಲ್ಲಿ ಸ್ವಲ್ಪ ಅಂತರ ಇಟ್ಟುಕೊಳ್ಳುವುದು ಸೂಕ್ತ. ಆಮದು ಮಾಡಿಕೊಳ್ಳಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಐ.ಇ.ಸಿ. ಸಂಖ್ಯೆ ಅವಶ್ಯಕವಾಗಿದ್ದು, ಯಂತ್ರಕ್ಕೆ ಮುಂಗಡ ನೀಡುವ ಮೊದಲೇ ಅದನ್ನು ಪಡೆದಿರತಕ್ಕದ್ದು.