ಹಳೆಯ ವರ್ಷದ ವ್ಯತ್ಯಾಸ ಯಾವ ವರ್ಷದ ಲೆಕ್ಕಕ್ಕೆ?

ಲೆಕ್ಕಪತ್ರಕ್ಕೆ ಸಹಿ ಬಿದ್ದು, ಷೇರುದಾರರ ವಾರ್ಷಿಕ ಸಭೆಯೂ ಮುಗಿದ ಮೇಲೆ ಅದರಲ್ಲಿನ ಒಂದು ಅಂಕಿ ಬದಲಾಗಬೇಕಾದ ಪ್ರಸಂಗ ಪ್ರತಿ ಕಂಪನಿಗೂ ಒಂದಲ್ಲ ಒಂದು ದಿನ ಬರುತ್ತದೆ. ಕಂಪನಿ ಲೆಕ್ಕ ಹಿಡಿಯುವ ನೀತಿಯನ್ನೇ ಬದಲಿಸಿರಬಹುದು. ಹಿಂದೆ ಮಾಡಿದ್ದ ಅಂದಾಜು ಈಗ ಸಿಕ್ಕ ಮಾಹಿತಿಯ ಮುಂದೆ ನಿಲ್ಲದೆ ಹೋಗಿರಬಹುದು. ಇಲ್ಲವೇ ಆಗಲೇ ತಪ್ಪಾಗಿದ್ದು, ಈಗ ಕಣ್ಣಿಗೆ ಬಿದ್ದಿರಬಹುದು. ಮೂರರಲ್ಲೂ ವ್ಯತ್ಯಾಸದ ಮೊತ್ತ ಒಂದೇ ಇದ್ದರೂ ಅದು ಬಂದು ಕೂರುವ ಜಾಗ ಬೇರೆ ಬೇರೆ. ಈ ವರ್ಷದ ಲಾಭದಲ್ಲಿ ಕೂರಬಹುದು, ಮುಂದಿನ ವರ್ಷಗಳಿಗೆ ಹಂಚಿಹೋಗಬಹುದು, ಅಥವಾ ಹಿಂದಕ್ಕೆ ಹೋಗಿ ಹಳೆಯ ವರ್ಷದ ಅಂಕಿಗಳನ್ನೇ ತಿದ್ದಬಹುದು. ಕಂಪನಿಯ ಲಾಭ ಏರಿತೋ ಇಳಿಯಿತೋ ಎಂದು ಓದುವವರಿಗೆ ಈ ಜಾಗದ ಪ್ರಶ್ನೆಯೇ ಮುಖ್ಯ.

ನಿಯಮ ರೂಪಿಸುವವರು ಇದಕ್ಕೆ ಒಂದೇ ಏಟಿಗೆ ಉತ್ತರ ಕಂಡುಕೊಳ್ಳಲಿಲ್ಲ. 1940ರ ದಶಕದ ಅಮೆರಿಕದಲ್ಲಿ ಎರಡು ಪಕ್ಷಗಳಿದ್ದವು. ಆ ವರ್ಷದ ವ್ಯವಹಾರದಿಂದ ಹುಟ್ಟಿದ್ದಷ್ಟೇ ಆ ವರ್ಷದ ಲಾಭ, ಉಳಿದದ್ದು ನೇರವಾಗಿ ಮೀಸಲಿಗೆ ಹೋಗಲಿ ಎಂದು ಒಂದು ಪಕ್ಷ ವಾದಿಸಿತು. ಹಾಗೆ ಬಿಟ್ಟರೆ ನಷ್ಟಗಳನ್ನೆಲ್ಲ ಹಿಂಬಾಗಿಲಿನಿಂದ ಮೀಸಲಿಗೆ ಸಾಗಿಸುತ್ತಾರೆ, ಎಲ್ಲವೂ ಲಾಭ-ನಷ್ಟ ಖಾತೆಯ ಮೂಲಕವೇ ಹಾದುಹೋಗಬೇಕು ಎಂದು ಇನ್ನೊಂದು ಪಕ್ಷ ಹೇಳಿತು. 1966ರಲ್ಲಿ ಅಲ್ಲಿನ ಅಕೌಂಟಿಂಗ್ ಪ್ರಿನ್ಸಿಪಲ್ಸ್ ಬೋರ್ಡ್ ತನ್ನ ಒಂಬತ್ತನೆಯ ಅಭಿಪ್ರಾಯದಲ್ಲಿ ಬಹುಮಟ್ಟಿಗೆ ಎರಡನೆಯ ಪಕ್ಷದ ಕಡೆ ವಾಲಿತು. ಅದೇ ಬೋರ್ಡಿನ ಇಪ್ಪತ್ತನೆಯ ಅಭಿಪ್ರಾಯ 1971ರಲ್ಲಿ ಬಂದಾಗ ನೀತಿ, ಅಂದಾಜು, ತಪ್ಪು ಎಂಬ ವಿಂಗಡಣೆ ಸ್ಪಷ್ಟ ರೂಪ ಪಡೆಯಿತು. ತಪ್ಪಾಗಿದ್ದರೆ ಹಳೆಯ ವರ್ಷವನ್ನು ತಿದ್ದಬೇಕು, ಅಂದಾಜು ಬದಲಾದರೆ ಮುಂದಕ್ಕೆ ಮಾತ್ರ ಅನ್ವಯಿಸಬೇಕು. ನೀತಿ ಬದಲಾದಾಗ ಮಾತ್ರ, ಕೆಲವು ಅಪವಾದಗಳನ್ನು ಬಿಟ್ಟು, ಹಿಂದಿನ ಎಲ್ಲ ವರ್ಷಗಳ ಒಟ್ಟು ಪರಿಣಾಮವನ್ನು ಈ ವರ್ಷದ ಲಾಭದಲ್ಲಿ ಒಂದೇ ಸಾಲಿನಲ್ಲಿ ತೋರಿಸಬೇಕಿತ್ತು. ಪ್ರಕಟವಾದ ಹಳೆಯ ಅಂಕಿಗಳನ್ನು ಪದೇ ಪದೇ ಬದಲಿಸಿದರೆ ಜನರ ನಂಬಿಕೆ ಸಡಿಲವಾಗುತ್ತದೆ ಎಂಬುದು ಅದರ ಹಿಂದಿನ ಭಯ.

ಭಯ ಅರ್ಥವಾಗುವಂಥದ್ದೇ, ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಹತ್ತು ವರ್ಷಗಳ ವ್ಯತ್ಯಾಸ ಒಂದೇ ವರ್ಷದ ಲಾಭದಲ್ಲಿ ಬಂದು ಬಿದ್ದರೆ ಆ ವರ್ಷವನ್ನು ಅದರ ಹಿಂದಿನ ವರ್ಷದ ಜೊತೆ ಹೋಲಿಸಲು ಆಗುವುದಿಲ್ಲ. ಭಾರತದಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿದ್ದದ್ದು ಸವಕಳಿಯ ಲೆಕ್ಕದಲ್ಲಿ.

ನಮ್ಮ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಈ ವಿಷಯಕ್ಕೆಂದು ಐದನೆಯ ಮಾನಕವನ್ನು 1982ರಲ್ಲಿ ತಂದು 1997ರಲ್ಲಿ ಪರಿಷ್ಕರಿಸಿತು. ಸವಕಳಿಯದು ಮಾತ್ರ ಆರನೆಯ ಮಾನಕದ ವ್ಯಾಪ್ತಿ. ಸವಕಳಿಯ ವಿಧಾನ ಬದಲಿಸುವುದೆಂದರೆ ನೀತಿಯನ್ನೇ ಬದಲಿಸಿದಂತೆ ಎಂದು ಅದು ಹೇಳುತ್ತಿತ್ತು. ಯಂತ್ರ ಬಳಕೆಗೆ ಬಂದ ದಿನದಿಂದ ಹೊಸ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿ, ಬಂದ ಕೊರತೆ ಅಥವಾ ಹೆಚ್ಚುವರಿಯನ್ನು ಬದಲಿಸಿದ ವರ್ಷದ ಲಾಭ-ನಷ್ಟ ಖಾತೆಗೇ ತರಬೇಕಿತ್ತು.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. 2010ರ ಏಪ್ರಿಲ್ 1ರಂದು ಅದು 100 ಲಕ್ಷ ರೂಪಾಯಿಗೆ ಒಂದು ಯಂತ್ರ ಕೊಂಡಿತು. ಇಳಿಯುವ ಮೌಲ್ಯದ ವಿಧಾನದಲ್ಲಿ, ಅಂದರೆ ಉಳಿದ ಮೌಲ್ಯದ ಮೇಲೆ ಶೇ. 20ರಂತೆ, ಸವಕಳಿ ಕಳೆಯುತ್ತ ಬಂತು. ಮೂರು ವರ್ಷಗಳಲ್ಲಿ ಕ್ರಮವಾಗಿ 20, 16 ಮತ್ತು 12.8 ಲಕ್ಷ ಕಳೆದು, ಪುಸ್ತಕದಲ್ಲಿ ಉಳಿದದ್ದು 51.2 ಲಕ್ಷ. ನಾಲ್ಕನೆಯ ವರ್ಷ ಕಂಪನಿ ಸಮಕಂತಿನ ವಿಧಾನಕ್ಕೆ, ಹತ್ತು ವರ್ಷಗಳ ಆಯುಸ್ಸಿನ ಲೆಕ್ಕಕ್ಕೆ, ಬದಲಾಯಿತು. ಮೊದಲಿನಿಂದಲೂ ಆ ವಿಧಾನವೇ ಇದ್ದಿದ್ದರೆ ಮೂರು ವರ್ಷಕ್ಕೆ 30 ಲಕ್ಷ ಮಾತ್ರ ಕಳೆದು 70 ಲಕ್ಷ ಉಳಿದಿರುತ್ತಿತ್ತು. ನಡುವಿನ 18.8 ಲಕ್ಷ ಹಳೆಯ ನಿಯಮದಂತೆ ಆ ಒಂದೇ ವರ್ಷದ ಲಾಭಕ್ಕೆ ಜಮಾ. ಕಾರ್ಖಾನೆಯಲ್ಲಿ ಒಂದು ಬಿಡಿಭಾಗವೂ ಹೆಚ್ಚು ತಯಾರಾಗಿಲ್ಲ, ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ. ಆ ವರ್ಷದ ಸವಕಳಿಯೂ ಹೆಚ್ಚುಕಡಿಮೆ ಅಷ್ಟೇ: ಹಳೆಯ ವಿಧಾನದಲ್ಲಿ 10.24 ಲಕ್ಷ ಆಗುತ್ತಿದ್ದದ್ದು ಹೊಸದರಲ್ಲಿ 10 ಲಕ್ಷ. ಲಾಭ ಮಾತ್ರ ಜಿಗಿಯಿತು. ಟಿಪ್ಪಣಿಯಲ್ಲಿ ಒಂದು ಸಾಲು ಇರುತ್ತಿತ್ತು ನಿಜ. ಅಲ್ಲಿಯವರೆಗೆ ಓದುವವರು ಕಡಿಮೆ. ಲಾಭ ಸೊರಗಿದ ವರ್ಷದಲ್ಲೇ ಕಂಪನಿ ವಿಧಾನ ಬದಲಿಸಿದ್ದರೆ ಓದುಗ ಅನುಮಾನಪಡುವುದು ನ್ಯಾಯವೇ.

ಸವಕಳಿಯ ವಿಧಾನ ಎಂದರೆ ಯಂತ್ರದ ಉಪಯೋಗ ಯಾವ ಗತಿಯಲ್ಲಿ ಸವೆಯುತ್ತದೆ ಎಂಬ ಊಹೆ. ಆದ್ದರಿಂದ ಅದು ನೀತಿಯಲ್ಲ, ಅಂದಾಜು ಎಂಬ ತಿಳಿವಳಿಕೆ ಕ್ರಮೇಣ ಗಟ್ಟಿಯಾಯಿತು. ಅಂತರರಾಷ್ಟ್ರೀಯ ಮಾನಕಗಳು ಈ ದಾರಿ ಹಿಡಿದಿದ್ದವು, 2005ರಲ್ಲಿ ಅಮೆರಿಕವೂ ಹಿಡಿಯಿತು. ಭಾರತದಲ್ಲಿ 2016ರಲ್ಲಿ ಆರನೆಯ ಮಾನಕ ರದ್ದಾಗಿ, ಪರಿಷ್ಕೃತ ಹತ್ತನೆಯ ಮಾನಕ ಅದರ ಜಾಗಕ್ಕೆ ಬಂತು. ಈಗಿನ ನಿಯಮದಂತೆ ಪೀಣ್ಯದ ಕಂಪನಿ ಹಿಂದಕ್ಕೆ ನೋಡುವ ಹಾಗಿಲ್ಲ. ಉಳಿದ 51.2 ಲಕ್ಷವನ್ನು ಉಳಿದ ಏಳು ವರ್ಷಗಳಿಗೆ ಹಂಚಬೇಕು, ವರ್ಷಕ್ಕೆ ಸುಮಾರು 7.31 ಲಕ್ಷ. ಆ ವರ್ಷದ ಲಾಭ ಏರುವುದು ಮೂರು ಲಕ್ಷಕ್ಕೂ ಕಡಿಮೆ. 18.8 ಲಕ್ಷದ ಜಿಗಿತ ಎಲ್ಲೂ ಇಲ್ಲ. ಈ ಕ್ಷೇತ್ರದಲ್ಲಿ ನಡೆದ ಬದಲಾವಣೆಗಳಲ್ಲಿ ಓದುಗನಿಗೆ ಹೆಚ್ಚು ಉಪಕಾರ ಮಾಡಿದ್ದು ಇದೇ ಎಂದು ನನ್ನ ಎಣಿಕೆ.

ನಿಜವಾದ ನೀತಿ ಬದಲಾವಣೆಗೆ ಸರಳ ಉದಾಹರಣೆ ದಾಸ್ತಾನಿನ ಬೆಲೆ ಕಟ್ಟುವ ಕ್ರಮ. ಮೊದಲು ಬಂದ ಸರಕು ಮೊದಲು ಹೋಯಿತು ಎಂದು ಲೆಕ್ಕ ಹಾಕುತ್ತಿದ್ದ ಕಂಪನಿ ತೂಕದ ಸರಾಸರಿ ಬೆಲೆಗೆ ಬಂದರೆ ಅದು ನೀತಿಯ ಬದಲಾವಣೆ. ಅಂತರರಾಷ್ಟ್ರೀಯ ಎಂಟನೆಯ ಮಾನಕ 1978ರಲ್ಲಿ ಹುಟ್ಟಿತು. 1993ರ ಪರಿಷ್ಕರಣೆಯ ನಂತರವೂ ಅದು ಕಂಪನಿಗಳಿಗೆ ಆಯ್ಕೆ ಕೊಟ್ಟಿತ್ತು: ಮೀಸಲಿನ ಆರಂಭದ ಶಿಲ್ಕನ್ನು ತಿದ್ದಬಹುದು, ಅಥವಾ ಈ ವರ್ಷದ ಲಾಭಕ್ಕೆ ಸೇರಿಸಬಹುದು. 2003ರ ಡಿಸೆಂಬರಿನಲ್ಲಿ ಹೊರಬಂದ ರೂಪ ಆ ಆಯ್ಕೆಯನ್ನು ತೆಗೆದುಹಾಕಿತು. ಹೊಸ ನೀತಿ ಮೊದಲಿನಿಂದಲೂ ಇತ್ತೋ ಎಂಬಂತೆ ಹಳೆಯ ಅಂಕಿಗಳನ್ನು ಮತ್ತೆ ಬರೆಯಬೇಕು. ಹಾಗೆ ಬರೆಯಲು ಬೇಕಾದ ಖರೀದಿಯ ದಾಖಲೆ ಉಳಿದಿಲ್ಲದಿದ್ದರೆ, ಸಾಧ್ಯವಾಗುವ ಅತಿ ಹಿಂದಿನ ದಿನದಿಂದ ಅನ್ವಯಿಸಿದರೆ ಸಾಕು. ಕಂಪನಿಗೆ ಮನಸ್ಸಾಯಿತೆಂದು ನೀತಿ ಬದಲಿಸುವಂತೆಯೂ ಇಲ್ಲ. ಯಾವುದಾದರೂ ಮಾನಕ ಕೇಳಿರಬೇಕು, ಅಥವಾ ಹೊಸ ನೀತಿ ವಿಶ್ವಾಸಾರ್ಹವಾಗಿದ್ದು ಹೆಚ್ಚು ಪ್ರಸ್ತುತವಾದ ಮಾಹಿತಿ ಕೊಡುತ್ತದೆ ಎಂದು ಕಂಪನಿ ತೋರಿಸಬೇಕು.

ಇನ್ನು ತಪ್ಪು. ಅದೇ ಪೀಣ್ಯದ ಕಂಪನಿ 2023ರ ಮಾರ್ಚ್ 31ರ ದಾಸ್ತಾನು ಎಣಿಕೆಯಲ್ಲಿ 40 ಲಕ್ಷದ ಸರಕನ್ನು ಎರಡು ಸಲ ಎಣಿಸಿತೆಂದು ಇಟ್ಟುಕೊಳ್ಳೋಣ. ವರ್ಷಾಂತ್ಯದ ದಾಸ್ತಾನು ಹೆಚ್ಚಾದಷ್ಟೂ ಲಾಭ ಹೆಚ್ಚು, ಆದ್ದರಿಂದ 2022-23ರ ಲಾಭ 40 ಲಕ್ಷ ಉಬ್ಬಿತು. ತಪ್ಪು ಗೊತ್ತಾದದ್ದು 2023-24ರ ಲೆಕ್ಕ ಮುಗಿಸುವಾಗ. ತೆರಿಗೆಯ ಭಾಗವನ್ನು ಪಕ್ಕಕ್ಕಿಡೋಣ.

ಇಲ್ಲಿ ಭಾರತದಲ್ಲಿ ದಾರಿ ಎರಡಾಗುತ್ತದೆ. ಕಂಪನಿ ಚಿಕ್ಕದಾಗಿದ್ದು ಹಳೆಯ ಮಾನಕಗಳನ್ನೇ ಅನುಸರಿಸುತ್ತಿದ್ದರೆ, ಐದನೆಯ ಮಾನಕದಂತೆ ಆ 40 ಲಕ್ಷವನ್ನು 2023-24ರ ಲಾಭದಿಂದ ಕಳೆದು, 'ಹಿಂದಿನ ಅವಧಿಯ ಬಾಬ್ತು' ಎಂದು ಪ್ರತ್ಯೇಕವಾಗಿ ತೋರಿಸುತ್ತದೆ. 2022-23ರ ಅಂಕಣ ಮುಂಚೆ ಇದ್ದಂತೆಯೇ, ತಪ್ಪಿನ ಸಮೇತ ಉಳಿಯುತ್ತದೆ. ಷೇರುಪೇಟೆಯಲ್ಲಿ ನೋಂದಾದ ಅಥವಾ 250 ಕೋಟಿ ಅಥವಾ ಅದಕ್ಕೂ ಹೆಚ್ಚು ನಿವ್ವಳ ಸಂಪತ್ತಿನ ಕಂಪನಿಯಾದರೆ 2015ರಲ್ಲಿ ಅಧಿಸೂಚಿತವಾದ ಇಂಡ್ ಎಎಸ್ ಅನ್ವಯಿಸುತ್ತದೆ. ಆಗ ತಪ್ಪು ಗಮನಾರ್ಹವಾಗಿದ್ದರೆ, ಈ ವರ್ಷದ ಪುಸ್ತಕದಲ್ಲಿ ಹೋಲಿಕೆಗೆಂದು ಅಚ್ಚಾಗುವ 2022-23ರ ಅಂಕಣದಲ್ಲೇ ದಾಸ್ತಾನು, ಲಾಭ, ಮೀಸಲು ಮೂರೂ 40 ಲಕ್ಷ ಇಳಿಯುತ್ತವೆ. ಅಂಕಣದ ಮೇಲೆ 'ಪುನರ್‌ನಿರೂಪಿತ' ಎಂದಿರುತ್ತದೆ. 2023-24ರ ಲಾಭ ಆ ವರ್ಷದ್ದಾಗಿಯೇ ಉಳಿಯುತ್ತದೆ. ತಪ್ಪು 2022-23ಕ್ಕೂ ಹಿಂದಿನದಾಗಿದ್ದು ಅದರ ಪರಿಣಾಮ 2022ರ ಏಪ್ರಿಲ್ 1ರ ಶಿಲ್ಕುಗಳಲ್ಲೂ ಗಮನಾರ್ಹವಾಗಿ ಉಳಿದಿದ್ದರೆ, ಆ ದಿನದ್ದೊಂದು ಮೂರನೆಯ ಬ್ಯಾಲೆನ್ಸ್ ಶೀಟನ್ನೂ ಕೊಡಬೇಕಾಗುತ್ತದೆ.

ಎರಡು ದಾರಿಗಳಲ್ಲೂ 2024ರ ಮಾರ್ಚ್ 31ರ ಮೀಸಲು ಒಂದೇ. ಆದರೆ ಎರಡು ವರ್ಷಗಳ ಲಾಭದ ನಡೆ ಬೇರೆ. ಹಳೆಯ ದಾರಿಯಲ್ಲಿ ಚೆನ್ನಾಗಿ ನಡೆದ ವರ್ಷ ಕುಸಿದಂತೆ ಕಾಣುತ್ತದೆ, ಕುಸಿದ ವರ್ಷ ಚೆನ್ನಾಗಿದ್ದಂತೆ ಕಾಣುತ್ತದೆ. ಒಂದೇ ದೇಶದಲ್ಲಿ, ಒಂದೇ ಉದ್ಯಮದಲ್ಲಿ ಈ ಎರಡೂ ಪದ್ಧತಿ ಅಕ್ಕಪಕ್ಕ ಬಾಳುತ್ತಿರುವುದು ಸಾಲ ಕೊಡುವ ಬ್ಯಾಂಕಿನವರಿಗೆ ತೊಡಕಿನದೇ.

ಎಲ್ಲಕ್ಕಿಂತ ಸೂಕ್ಷ್ಮವಾದ ಗೆರೆ ಇರುವುದು ಅಂದಾಜಿಗೂ ತಪ್ಪಿಗೂ ನಡುವೆ. ಆ ಲೆಕ್ಕಪತ್ರಕ್ಕೆ ಒಪ್ಪಿಗೆ ಸಿಕ್ಕ ದಿನ ಮಾಹಿತಿ ಕೈಗೆ ಸಿಗುವಂತಿತ್ತೇ, ಅದನ್ನು ಪಡೆದು ಬಳಸುವುದನ್ನು ನಿರೀಕ್ಷಿಸಬಹುದಿತ್ತೇ? ಹೌದಾದರೆ ತಪ್ಪು. ಆಮೇಲೆ ಹುಟ್ಟಿದ ಮಾಹಿತಿಯಿಂದ ಅಂಕಿ ಬದಲಾದರೆ ಅದು ಅಂದಾಜಿನ ಬದಲಾವಣೆ. ತಪ್ಪೆಂದು ಒಪ್ಪಿಕೊಂಡರೆ ಹಳೆಯ ವರ್ಷ ತಿದ್ದಬೇಕು, ಕಾರಣ ಹೇಳಬೇಕು, ಪತ್ರಿಕೆಗಳಲ್ಲಿ ಸುದ್ದಿಯಾಗಬೇಕು. ಅಂದಾಜು ಎಂದರೆ ಸದ್ದಿಲ್ಲದೆ ಮುಂದಿನ ವರ್ಷಗಳಿಗೆ ಹಂಚಬಹುದು. ಆಡಳಿತ ಯಾವ ಕಡೆ ಜಾರಲು ಬಯಸುತ್ತದೆ ಎಂಬುದು ಗೊತ್ತಿರುವುದೇ.

ಅಮೆರಿಕದ ಕಸ ವಿಲೇವಾರಿ ಕಂಪನಿ ವೇಸ್ಟ್ ಮ್ಯಾನೇಜ್‌ಮೆಂಟ್ ಇದಕ್ಕೆ ದೊಡ್ಡ ಸಾಕ್ಷಿ. ಕಸದ ಲಾರಿಗಳ ಆಯುಸ್ಸನ್ನು ಹಿಗ್ಗಿಸಿ, ಅವುಗಳ ಗುಜರಿ ಬೆಲೆಯನ್ನು ಉಬ್ಬಿಸಿ ಅದು ವರ್ಷಗಟ್ಟಲೆ ಸವಕಳಿಯನ್ನು ತಗ್ಗಿಸಿತ್ತು. ಲೆಕ್ಕಪರಿಶೋಧಕರಾದ ಆರ್ಥರ್ ಆಂಡರ್ಸನ್ ಇದನ್ನು ಗುರುತಿಸಿದ್ದರು. ಆದರೂ ಹಳೆಯ ವರ್ಷಗಳನ್ನು ತಿದ್ದಿಸುವ ಬದಲು, ಕೂಡಿಬಂದ ತಪ್ಪುಗಳನ್ನು ಹತ್ತು ವರ್ಷಗಳವರೆಗೆ ಸ್ವಲ್ಪ ಸ್ವಲ್ಪವಾಗಿ ಕರಗಿಸುವ ಒಪ್ಪಂದಕ್ಕೆ ಕಂಪನಿಯ ಜೊತೆ ಬಂದರು. ತಪ್ಪಿಗೆ ಅಂದಾಜಿನ ಉಡುಪು ತೊಡಿಸಿದ್ದಷ್ಟೇ ಅಲ್ಲ, ಅದಕ್ಕೊಂದು ಕಾಲಪಟ್ಟಿಯನ್ನೂ ಬರೆದುಕೊಟ್ಟಂತಾಯಿತು. 1998ರ ಫೆಬ್ರವರಿಯಲ್ಲಿ ಕಂಪನಿ ಸುಮಾರು 170 ಕೋಟಿ ಡಾಲರಿನಷ್ಟು ಹಳೆಯ ಲಾಭವನ್ನು ತಿದ್ದಿ ಬರೆಯಿತು. ಅಲ್ಲಿಯವರೆಗೆ ಅಂಥ ದೊಡ್ಡ ತಿದ್ದುಪಡಿ ಆಗಿರಲಿಲ್ಲ.

ಈ ಗೊಂದಲ ತಗ್ಗಿಸಲು ಅಂತರರಾಷ್ಟ್ರೀಯ ಮಂಡಳಿ 2021ರಲ್ಲಿ ಅಂದಾಜಿಗೆ ಹೊಸ ವ್ಯಾಖ್ಯೆ ಕೊಟ್ಟಿತು. ಅಳೆಯುವಲ್ಲಿ ಅನಿಶ್ಚಿತತೆ ಇರುವ ಹಣದ ಮೊತ್ತವೇ ಅಂದಾಜು. ಭಾರತದಲ್ಲಿ ಇದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೀತಿಯೋ ಅಂದಾಜೋ ಎಂದು ತೀರ್ಮಾನಿಸಲು ಕಷ್ಟವಾದರೆ ಅಂದಾಜೆಂದೇ ಪರಿಗಣಿಸಬೇಕೆಂಬ ಹಳೆಯ ಮಾತು ಹಾಗೆಯೇ ಉಳಿದಿದೆ. ತಪ್ಪಿಗೆ ಮಾತ್ರ ಅಂಥ ಸಂಶಯದ ಲಾಭ ಇಲ್ಲ.

ಒಂದು ಸಂಗತಿ ಬಹಳ ಜನರಿಗೆ ತಿಳಿದಿರುವುದಿಲ್ಲ. ಮೇಲೆ ಹೇಳಿದ ತಿದ್ದುಪಡಿಯೆಲ್ಲ ನಡೆಯುವುದು ಹೊಸ ವರ್ಷದ ಪುಸ್ತಕದ ಹೋಲಿಕೆಯ ಅಂಕಣದಲ್ಲಿ. ಹಳೆಯ ವರ್ಷದ ಮೂಲ ಪುಸ್ತಕ ಹಾಗೆಯೇ ಇರುತ್ತದೆ. ಅದನ್ನೇ ಬದಲಿಸಬೇಕೆಂದರೆ 2013ರ ಕಂಪನಿ ಕಾಯ್ದೆಯ 131ನೆಯ ಕಲಮಿನಡಿ ಕಂಪನಿ ಕಾನೂನು ನ್ಯಾಯಮಂಡಳಿಯ ಅನುಮತಿ ಪಡೆಯಬೇಕು, ಅದೂ ಹಿಂದಿನ ಮೂರು ವರ್ಷಗಳಿಗೆ ಮಾತ್ರ. ವಂಚನೆ ಅಥವಾ ದುರಾಡಳಿತದ ಸಂದರ್ಭದಲ್ಲಿ 130ನೆಯ ಕಲಮಿನಡಿ ಸರ್ಕಾರವೇ ಅರ್ಜಿ ಹಾಕಬಹುದು. ಐಎಲ್‌ಎಫ್‌ಎಸ್ ಮತ್ತು ಅದರ ಎರಡು ಅಂಗಸಂಸ್ಥೆಗಳ ಹಿಂದಿನ ಐದು ವರ್ಷಗಳ ಲೆಕ್ಕವನ್ನು ಮತ್ತೆ ತೆರೆಯಲು 2019ರ ಜನವರಿ 1ರಂದು ಮುಂಬಯಿ ಪೀಠ ಒಪ್ಪಿತು. ಅದೇ ವರ್ಷ ಜೂನ್ 4ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು.